ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರ ಮುಖ ಯಾಕೆ ಅಗಲವಾಗುತ್ತದೆ, ಸರಿಮಾಡುವುದು ಹೇಗೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದ ಮನೆ ಮುಂದೆ, ಮದುವೆ ಮಾರನೇ ದಿನ 26 ಜನರ ಗ್ರೂಪ್ ಫೋಟೋ ತೆಗೆದೆ. ಫುಲ್‌ಫ್ರೇಮ್ ಕ್ಯಾಮೆರಾ, 24 ಎಂಎಂ. ಹಿಂದೆ ಧರೆ ಇದ್ದಿದ್ದರಿಂದ ಅಲ್ಲಿಂದಾಚೆಗೆ ಸರಿಯೋಕೆ ಜಾಗವಿರಲಿಲ್ಲ. ಮಧ್ಯದವರೆಲ್ಲ ಚೆನ್ನಾಗಿ ಬಂದಿದ್ದಾರೆ, ಆದರೆ ಬಲತುದಿಯ ಅತ್ತೆ, ಎಡತುದಿಯ ಭಾವನ ಮುಖ ಕುಂಬಳಕಾಯಿ ಥರ ಅಗಲವಾಗಿದೆ. ಲೈಟ್‌ರೂಮ್‌ನಲ್ಲಿ ಲೆನ್ಸ್ ಕರೆಕ್ಷನ್ ಆನ್ ಮಾಡಿದರೆ ಇನ್ನೂ ಜಾಸ್ತಿ ಆಗುತ್ತೆ. 18×12 ಪ್ರಿಂಟ್ ಹಾಕಿಸಬೇಕು. ಲೆನ್ಸೇ ಕೆಟ್ಟಿದೆಯಾ? ಸರಿ ಮಾಡೋದು ಹೇಗೆ?

ಉತ್ತರ:

ಲೆನ್ಸ್ ಕೆಟ್ಟಿಲ್ಲ. ಲೈಟ್‌ರೂಮ್ ಕೂಡ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಇಲ್ಲಿರುವುದು ಎರಡು ಬೇರೆ ಬೇರೆ ದೋಷಗಳು. ಒಂದನ್ನು ತಿದ್ದಿದರೆ ಇನ್ನೊಂದು ಹೆಚ್ಚಾಗುತ್ತದೆ, ಗೊಂದಲ ಅಲ್ಲೇ.

ಮೊದಲನೆಯದು ಲೆನ್ಸಿನ ದೋಷ, ಅಂದರೆ ಬ್ಯಾರಲ್ ಡಿಸ್ಟಾರ್ಷನ್. ಜಗಲಿಯ ಅಂಚು, ಕಂಬ, ಮಾಡಿನ ಕೆಳಗಿನ ಪಟ್ಟಿ, ಇಂಥ ನೇರ ಗೆರೆಗಳು ಚಿತ್ರದ ಅಂಚಿಗೆ ಬಂದಂತೆ ಹೊರಕ್ಕೆ ಉಬ್ಬಿದರೆ ಅದು ಬ್ಯಾರಲ್. ಲೆನ್ಸ್ ಪ್ರೊಫೈಲ್ ಇರುವುದು ಇದನ್ನು ತಿದ್ದುವುದಕ್ಕೆ. ಅದು ಮೂಲೆಗಳನ್ನು ಹಿಡಿದು ಹೊರಗೆಳೆದು ಗೆರೆಗಳನ್ನು ನೇರ ಮಾಡುತ್ತದೆ. ಹಾಗೆ ಎಳೆಯುವಾಗ ತುದಿಯಲ್ಲಿ ನಿಂತ ಅತ್ತೆಯ ಮುಖವೂ ಅದರ ಜೊತೆಗೇ ಹೊರಕ್ಕೆ ಹೋಗುತ್ತದೆ. ನಿಮಗೆ ಕಂಡದ್ದು ಇದೇ.

ಎರಡನೆಯದು ದೋಷವೇ ಅಲ್ಲ, ಜ್ಯಾಮಿತಿ. ಗೋಡೆಯ ಎದುರು ಒಂದು ಚಿಕ್ಕ ಬಲ್ಬ್ ಹಚ್ಚಿ, ನಡುವೆ ಒಂದು ಕಿತ್ತಳೆ ಹಣ್ಣು ಹಿಡಿದು ನೋಡಿ. ಹಣ್ಣು ಬಲ್ಬಿನ ನೇರಕ್ಕೆ ಇದ್ದರೆ ಗೋಡೆಯ ಮೇಲೆ ನೆರಳು ದುಂಡಗೆ ಬೀಳುತ್ತದೆ. ಅದೇ ಹಣ್ಣನ್ನು ಪಕ್ಕಕ್ಕೆ ಸರಿಸುತ್ತಾ ಹೋದರೆ ನೆರಳು ಅಡ್ಡಡ್ಡಕ್ಕೆ ಉದ್ದವಾಗುತ್ತದೆ. ಹಣ್ಣು ಬದಲಾಗಿಲ್ಲ, ಬೆಳಕು ಸಮತಟ್ಟಾದ ಗೋಡೆಯನ್ನು ಓರೆಯಾಗಿ ಮುಟ್ಟುತ್ತಿದೆ ಅಷ್ಟೆ. ಕ್ಯಾಮೆರಾದಲ್ಲಿ ಆ ಗೋಡೆ ಸೆನ್ಸರ್, ಹಣ್ಣು ತಲೆ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಯಾವ ಲೆನ್ಸ್ ಆದರೂ, ಎಷ್ಟೇ ಬೆಲೆಯದಾದರೂ, ತುದಿಯ ದುಂಡು ವಸ್ತುವನ್ನು ಹೀಗೆ ಎಳೆದೇ ತೋರಿಸುತ್ತದೆ.

ಎಷ್ಟು ಎಳೆಯುತ್ತದೆ ಎನ್ನುವುದಕ್ಕೆ ಲೆಕ್ಕವಿದೆ. ಚಿತ್ರದ ಮಧ್ಯದಿಂದ θ ಕೋನದಷ್ಟು ಪಕ್ಕಕ್ಕಿರುವ ತಲೆಯ ಅಗಲ ಅದರ ಎತ್ತರಕ್ಕೆ ಹೋಲಿಸಿದರೆ 1/cos θ ಪಟ್ಟು ಹೆಚ್ಚುತ್ತದೆ. ಫುಲ್‌ಫ್ರೇಮ್‌ನಲ್ಲಿ 24 ಎಂಎಂ ಹಾಕಿದರೆ ಪಕ್ಕದ ಅಂಚು ಸುಮಾರು 37 ಡಿಗ್ರಿಯಲ್ಲಿರುತ್ತದೆ, ಅಲ್ಲಿ ಮುಖ 25% ಅಗಲವಾಗುತ್ತದೆ. 35 ಎಂಎಂ ಆದರೆ 12%, ಅದು ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ. 16 ಎಂಎಂ ಆದರೆ 50%, ಅಷ್ಟನ್ನು ತಿದ್ದಲು ಹೋದರೆ ಚಿತ್ರದ ಉಳಿದ ಭಾಗದಲ್ಲಿ ಅದರ ಗುರುತು ಕಂಡೇ ಕಾಣುತ್ತದೆ. ನಿಮ್ಮ 25% ಮಾತ್ರ ಪೂರ್ತಿ ತಿದ್ದಬಹುದಾದಷ್ಟೇ ಇದೆ.

ತಿದ್ದುವ ಮೊದಲು ಒಂದು ವಿಷಯ ನೋಡಿಕೊಳ್ಳಿ: ಜನ ನೇರ ಸಾಲಿನಲ್ಲಿ ನಿಂತಿದ್ದರೋ, ತುದಿಯವರು ಮುಂದೆ ಬಂದು ಅರ್ಧಚಂದ್ರದ ಹಾಗೆ ನಿಂತಿದ್ದರೋ? ಎರಡಕ್ಕೂ ಮದ್ದು ಬೇರೆ. ಫೋಟೋಶಾಪ್‌ನ Ruler Tool ಹಿಡಿದು ಮಧ್ಯದ ಒಬ್ಬರ ಗಲ್ಲದಿಂದ ಕೂದಲಂಚಿನವರೆಗೆ ಅಳೆಯಿರಿ, ಆಮೇಲೆ ತುದಿಯವರದ್ದನ್ನು ಅಳೆಯಿರಿ. ಎತ್ತರ ಹೆಚ್ಚುಕಡಿಮೆ ಒಂದೇ ಇದ್ದು ಅಗಲ ಮಾತ್ರ ಹೆಚ್ಚಿದ್ದರೆ ಅದು ನೇರ ಸಾಲು. ನೇರ ಸಾಲಿನಲ್ಲಿ ತುದಿಯವರು ಕ್ಯಾಮೆರಾಕ್ಕೆ ಮಧ್ಯದವರಿಗಿಂತ ದೂರ ಇರುತ್ತಾರೆ. ದೂರದಿಂದ ಕುಗ್ಗುವುದೂ ಅಂಚಿನಲ್ಲಿ ಹಿಗ್ಗುವುದೂ ಎತ್ತರದ ಮಟ್ಟಿಗೆ ಒಂದಕ್ಕೊಂದು ವಜಾ ಆಗಿ, ಅಗಲದ ಹೆಚ್ಚಳ ಮಾತ್ರ ಉಳಿಯುತ್ತದೆ. ನೀವು ಬರೆದಿರುವ ‘ಕುಂಬಳಕಾಯಿ’ ಅದನ್ನೇ ಹೇಳುತ್ತದೆ. ಆದ್ದರಿಂದ ನೇರ ಸಾಲು ಎಂದು ಹಿಡಿದೇ ಮುಂದುವರಿಯುತ್ತೇನೆ.

ಬರೀ ಅಗಲ ಹೆಚ್ಚಿದೆ ಎಂದರೆ ಅಗಲವನ್ನು ಮಾತ್ರ ಒತ್ತಿದರೆ ಸಾಕು. ಮಧ್ಯದಲ್ಲಿ ಏನೂ ಒತ್ತದೆ, ಅಂಚಿಗೆ ಹೋದಂತೆ ಹೆಚ್ಚುಹೆಚ್ಚಾಗಿ ಅಡ್ಡಕ್ಕೆ ಒತ್ತಬೇಕು, ಎತ್ತರವನ್ನು ಮುಟ್ಟಬಾರದು. ಇದರಲ್ಲಿ ಒಂದು ದೊಡ್ಡ ಲಾಭವಿದೆ. ಅಡ್ಡಕ್ಕೆ ಮಾತ್ರ ಒತ್ತಿದಾಗ ಅಡ್ಡ ಗೆರೆ ಅಡ್ಡವಾಗಿಯೇ ಉಳಿಯುತ್ತದೆ, ನಿಂತ ಗೆರೆ ನಿಂತೇ ಇರುತ್ತದೆ. ನಿಮ್ಮ ಜಗಲಿಯ ಅಂಚೂ ಕಂಬಗಳೂ ಒಂದು ಕೂದಲೆಳೆಯಷ್ಟೂ ಬಾಗುವುದಿಲ್ಲ. ಓರೆ ಗೆರೆ ಮಾತ್ರ, ಅಂದರೆ ಹೆಂಚಿನ ಮಾಡಿನ ಇಳಿಜಾರು ಅಂಚು ಚಿತ್ರದ ತುದಿಯಲ್ಲಿ ಬಂದಿದ್ದರೆ, ಸ್ವಲ್ಪ ಮುರಿದಂತೆ ಕಾಣಬಹುದು.

ಆದ್ದರಿಂದ ಲೈಟ್‌ರೂಮ್‌ನಲ್ಲಿ Enable Profile Corrections ಅನ್ನು ಆನ್ ಆಗಿಯೇ ಬಿಡಿ. ಮುಖ ಇನ್ನಷ್ಟು ಅಗಲವಾದರೂ ಆಗಲಿ. ಗೆರೆಗಳು ಮೊದಲು ನೇರವಾಗಬೇಕು. ಆಗಲೇ ಈ ಲೆಕ್ಕ ಕೂಡಿಬರುವುದು. ಕ್ರಾಪ್ ಮಾಡಬೇಡಿ, ಏಕೆಂದರೆ ಎಲ್ಲ ಅಳತೆಯೂ ಚಿತ್ರದ ನಿಜವಾದ ಮಧ್ಯದಿಂದ ಶುರುವಾಗುತ್ತದೆ. ಒಂದು ಕಡೆ ಕತ್ತರಿಸಿದರೆ ಆ ಮಧ್ಯ ತಪ್ಪುತ್ತದೆ. ಹಾಗೇ ಎಕ್ಸ್‌ಪೋರ್ಟ್ ಮಾಡಿ ಫೋಟೋಶಾಪ್‌ಗೆ ತನ್ನಿ.

ಚಿತ್ರ 6000×4000 ಪಿಕ್ಸೆಲ್ ಇದೆ ಎಂದುಕೊಳ್ಳೋಣ. ಬೇರೆ ಅಳತೆಯಾದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ. ಮಧ್ಯ 3000ದಲ್ಲಿದೆ. ಮಧ್ಯದ 2000 ಪಿಕ್ಸೆಲ್‌ನಲ್ಲಿ ಹಿಗ್ಗು ಎಷ್ಟು ಕಡಿಮೆ ಎಂದರೆ ಅದನ್ನು ಮುಟ್ಟುವುದೇ ಬೇಡ. ಅದರ ಆಚೆಗಿನ 1000 ಪಿಕ್ಸೆಲ್ ಪಟ್ಟಿಯನ್ನು ಸರಾಸರಿ 94%ಕ್ಕೆ, ಕೊನೆಯ 1000 ಪಿಕ್ಸೆಲ್ ಪಟ್ಟಿಯನ್ನು ಸರಾಸರಿ 85%ಕ್ಕೆ ಒತ್ತಬೇಕು. ಪಟ್ಟಿಗಳನ್ನು ಬಿಡಿಬಿಡಿಯಾಗಿ ಒತ್ತಿದರೆ ನಡುವೆ ಸಂದು ಬೀಳುತ್ತದೆ. ಅದಕ್ಕೆ ಒಳಗಿನಿಂದ ಹೊರಗೆ, ಒಂದರೊಳಗೊಂದು ಸೇರಿಸಿ ಒತ್ತುವುದು ಸುಲಭ.

ಮೊದಲು Ctrl+J ಒತ್ತಿ ಲೇಯರ್‌ನ ನಕಲು ಮಾಡಿಕೊಳ್ಳಿ, ಮೂಲ ಲೇಯರ್ ಅಡಿಯಲ್ಲಿ ಹಾಗೇ ಇರಲಿ. View ಮೆನುವಿನ New Guide ನಿಂದ 1000, 2000, 4000, 5000 ಪಿಕ್ಸೆಲ್‌ಗಳಲ್ಲಿ ನಿಂತ ಗೈಡ್ ಹಾಕಿ. ಈಗ Rectangular Marquee ತೆಗೆದುಕೊಂಡು 4000ದ ಗೈಡ್‌ನಿಂದ ಬಲ ಅಂಚಿನವರೆಗೆ, ಮೇಲಿಂದ ಕೆಳಗಿನವರೆಗೆ ಪೂರ್ತಿ ಆರಿಸಿ, Ctrl+T ಒತ್ತಿ. ಮೇಲಿನ ಪಟ್ಟಿಯಲ್ಲಿ ಒಂಬತ್ತು ಚುಕ್ಕಿಯ ಚಿಕ್ಕ ಚೌಕ ಕಾಣುತ್ತದೆ. ಹೊಸ ಆವೃತ್ತಿಗಳಲ್ಲಿ ಅದರ ಪಕ್ಕದ ಡಬ್ಬಿಗೆ ಟಿಕ್ ಹಾಕಿದ ಮೇಲೆಯೇ ಅದು ಕೆಲಸ ಮಾಡುವುದು. ಅದರಲ್ಲಿ ಎಡ ಮಧ್ಯದ ಚುಕ್ಕಿಯನ್ನು ಆರಿಸಿ. W ಮತ್ತು H ನಡುವಿನ ಕೊಂಡಿ ಚಿಹ್ನೆ ಆಫ್ ಇರಬೇಕು. W ನಲ್ಲಿ 94% ಎಂದು ಟೈಪ್ ಮಾಡಿ, ಎಂಟರ್ ಒತ್ತಿ. ಬಲಗಡೆಯ ಎಲ್ಲರೂ ಸ್ವಲ್ಪ ಒಳಕ್ಕೆ ಸರಿದರು, ಎಡ ಅಂಚು ಇದ್ದಲ್ಲೇ ಇದೆ.

ಮೊದಲು 5000ದಲ್ಲಿದ್ದ ಜಾಗ ಈಗ 4940ಕ್ಕೆ ಬಂದಿದೆ. ಅಲ್ಲಿಂದ ಬಲಕ್ಕೆ ಇರುವುದನ್ನೆಲ್ಲ ಮತ್ತೆ ಆರಿಸಿ, ಅದೇ ರೀತಿ W ನಲ್ಲಿ 90.5% ಕೊಡಿ. ಮೊದಲಿನ 94% ಜೊತೆ ಸೇರಿ ಒಟ್ಟು 85% ಆಯಿತು. ಎಡಗಡೆಗೂ ಇದೇ ಕ್ರಮ, ಆದರೆ ಚುಕ್ಕಿ ಬಲ ಮಧ್ಯದಲ್ಲಿರಬೇಕು: 2000ದ ಗೈಡ್‌ನಿಂದ ಎಡಕ್ಕೆ 94%, ಆಮೇಲೆ 1060 ರಿಂದ ಎಡಕ್ಕೆ 90.5%.

ಗೈಡ್ ಯಾರದಾದರೂ ಮುಖದ ಮೇಲೋ ತೋಳಿನ ಮೇಲೋ ಹಾದುಹೋದರೆ ಅಲ್ಲೇ ಕೂರಿಸಬೇಡಿ. ಹತ್ತಿರದ ಇಬ್ಬರ ನಡುವಿನ ಸಂದಿಗೆ ಸರಿಸಿ, ನೂರಿನ್ನೂರು ಪಿಕ್ಸೆಲ್ ಆಚೀಚೆ ಆದರೆ ಏನೂ ನಷ್ಟವಿಲ್ಲ. ಮುಖದ ನಡುವೆ ಹಾದರೆ ಅರ್ಧ ಮುಖ ಒಂದು ಅಳತೆ, ಇನ್ನರ್ಧ ಇನ್ನೊಂದು ಅಳತೆ ಆಗುತ್ತದೆ. ಯಾಕೆ ಎಂದು ಹೇಳಲು ಬಾರದಿದ್ದರೂ ನೋಡಿದವರಿಗೆಲ್ಲ ಏನೋ ಸರಿಯಿಲ್ಲ ಎನಿಸುತ್ತದೆ. ಒತ್ತಿದ ಜಾಗದಲ್ಲಿ ಕೂದಲೆಳೆಯಷ್ಟು ತೆಳು ಗೆರೆ ಕಂಡರೆ ಹೆದರಬೇಡಿ. ಅಡಿಯಲ್ಲಿ ಮೂಲ ಲೇಯರ್ ಇರುವುದರಿಂದ ಅದು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಆಮೇಲೆ ಎರಡೂ ಪಕ್ಕ ಇಣುಕುವ ಹಳೆಯ ಚಿತ್ರದ ಅಂಚನ್ನು ಕ್ರಾಪ್ ಮಾಡಿ. ಉಳಿಯುವ ಅಗಲ ಸುಮಾರು 5580 ಪಿಕ್ಸೆಲ್.

ಈಗ ಪರೀಕ್ಷೆ. ಅತ್ತೆಯ ಮುಖದ ಅಗಲವನ್ನು ಕಿವಿಯಿಂದ ಕಿವಿಗೆ, ಎತ್ತರವನ್ನು ಗಲ್ಲದಿಂದ ಕೂದಲಂಚಿಗೆ ಅಳೆದು, ಅವರದೇ ಬೇರೆ ಫೋಟೋದೊಂದಿಗೆ ಹೋಲಿಸಿ. ಆ ಫೋಟೋದಲ್ಲಿ ಅವರು ಮಧ್ಯದಲ್ಲಿ ಇರಬೇಕು, ಮುಖವೂ ಹೆಚ್ಚುಕಡಿಮೆ ಅದೇ ಕಡೆ ತಿರುಗಿರಬೇಕು. ಇನ್ನೂ ಸ್ವಲ್ಪ ಅಗಲ ಎನಿಸಿದರೆ ಕೊನೆಯ 400 ಪಿಕ್ಸೆಲ್‌ಗೆ ಮಾತ್ರ ಮತ್ತೊಮ್ಮೆ 97% ಕೊಡಬಹುದು. ಅಲ್ಲಿಗೆ ನಿಲ್ಲಿಸಿ. 24 ಎಂಎಂ ಚಿತ್ರದಲ್ಲಿ ತೀರಾ ಅಂಚಿನಲ್ಲೂ ಒಟ್ಟು ಒತ್ತಡ 80%ಕ್ಕಿಂತ ಕೆಳಗೆ ಹೋಗಲೇಬಾರದು. ಹೋದರೆ ಕುಂಬಳಕಾಯಿ ಹೋಗಿ ಪಡವಲಕಾಯಿ ಆಗುತ್ತದೆ. ಎಷ್ಟೋ ಮದುವೆ ಆಲ್ಬಮ್‌ಗಳಲ್ಲಿ ಈ ಪಡವಲಕಾಯಿಗಳನ್ನು ಕಾಣಬಹುದು. ಕಣ್ಣಂದಾಜಿನಲ್ಲಿ ಹಿಡಿಕೆ ಹಿಡಿದು ಎಳೆದದ್ದರ ಫಲ ಅದು.

ಪರೀಕ್ಷೆಗೆ ಜಗಲಿ ಗೋಡೆಯ ಗಡಿಯಾರವನ್ನು ಮಾತ್ರ ನಂಬಬೇಡಿ. ಕ್ಯಾಮೆರಾಕ್ಕೆ ಸಮಾನಾಂತರವಾಗಿರುವ ಚಪ್ಪಟೆ ವಸ್ತು ಮೊದಲೂ ಎಳೆದಿರುವುದಿಲ್ಲ, ದುಂಡಗೇ ಇರುತ್ತದೆ. ನೀವು ಒತ್ತಿದ ಮೇಲೆ ಅದು ಮೊಟ್ಟೆಯಾಕಾರ ಆಗುತ್ತದೆ. ಈ ವಿಧಾನದ ನಿಜವಾದ ಮಿತಿ ಇದು. ಚೆಂಡಿನಂಥದ್ದನ್ನು ಸರಿಮಾಡಿದರೆ ತಟ್ಟೆಯಂಥದ್ದು ಕೆಡುತ್ತದೆ, ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಲು ಬರುವುದಿಲ್ಲ. ಮನೆ ಮುಂದಿನ ಫೋಟೋದಲ್ಲಿ ತುದಿಯ ಕಿಟಕಿ ಸ್ವಲ್ಪ ಕಿರಿದಾದದ್ದನ್ನು ಯಾರೂ ಗಮನಿಸುವುದಿಲ್ಲ. ಆದರೆ ಕಲ್ಯಾಣಮಂಟಪದ ವೇದಿಕೆಯಲ್ಲಿ ಹಿಂದೆ ವಧೂವರರ ಹೆಸರಿನ ಅಗಲ ಬ್ಯಾನರ್ ಇದ್ದರೆ ತುದಿಯ ಅಕ್ಷರಗಳು ತೆಳ್ಳಗಾಗುತ್ತವೆ. ಹಳೇಬೀಡಿನ ಗೋಡೆಯ ಮುಂದೆ ನಿಂತ ಗುಂಪಾದರೆ ಸಾಲಾನೆಗಳ ಪಟ್ಟಿ ನೇರವಾಗಿಯೇ ಉಳಿಯುತ್ತದೆ, ತುದಿಯ ಆನೆಗಳು ಮಾತ್ರ ಬಡಕಲಾಗುತ್ತವೆ. ಅಂಥಲ್ಲಿ ಪೂರ್ತಿ ಒತ್ತುವ ಬದಲು ಅರ್ಧದಷ್ಟೇ ಒತ್ತುವುದು ಮೇಲು: 94ರ ಬದಲು 97, 90.5ರ ಬದಲು 95.

ತಿದ್ದಲಾಗದ ಇನ್ನೊಂದಿದೆ. ತುದಿಯವರನ್ನು ಕ್ಯಾಮೆರಾ 37 ಡಿಗ್ರಿ ಪಕ್ಕದಿಂದ ನೋಡಿದೆ. ಅವರು ನೇರ ಮುಂದಕ್ಕೆ ಮುಖ ಮಾಡಿ ನಿಂತಿದ್ದರೆ ಒಂದು ಕಿವಿ, ಒಂದು ಕೆನ್ನೆ ಹೆಚ್ಚಾಗಿ ಕಾಣುತ್ತದೆ. ಎಷ್ಟು ಒತ್ತಿದರೂ ಅದು ಹೋಗದು.

ಪ್ರಿಂಟ್ ಬಗ್ಗೆ: 5580×4000 ಚಿತ್ರ 18×12 ಪ್ರಮಾಣಕ್ಕೆ ಹೊಂದುವುದಿಲ್ಲ, ಅಗಲ ಕಡಿಮೆಯಾಗಿದೆ. ಎತ್ತರದಲ್ಲಿ 280 ಪಿಕ್ಸೆಲ್ ತೆಗೆದು 3720ಕ್ಕೆ ತರಬೇಕು. ಮೇಲೆ ಆಕಾಶ, ಕೆಳಗೆ ಅಂಗಳ ಅಷ್ಟು ಇದ್ದೇ ಇರುತ್ತದೆ. ಆಗ ಇಂಚಿಗೆ 310 ಪಿಕ್ಸೆಲ್ ಸಿಗುತ್ತದೆ, ಲ್ಯಾಬ್‌ನವರು ಕೇಳುವ 300ಕ್ಕೆ ಸಾಕು. ಒಂದು ತಮಾಷೆ: ತಿದ್ದದ ಮೂಲ ಚಿತ್ರವನ್ನೇ 18 ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿ, ಸರಿಯಾಗಿ ಮಧ್ಯದ ಎದುರು 12 ಇಂಚು ದೂರದಲ್ಲಿ ಒಂದೇ ಕಣ್ಣಿಟ್ಟು, ತಲೆ ಅಲ್ಲಾಡಿಸದೆ ತುದಿಗೆ ನೋಡಿದರೆ ಅತ್ತೆಯ ಮುಖ ತಾನಾಗಿ ಸರಿಯಾಗಿ ಕಾಣುತ್ತದೆ. ಕ್ಯಾಮೆರಾ ನಿಂತ ಜಾಗದಲ್ಲೇ ನಿಮ್ಮ ಕಣ್ಣೂ ನಿಂತಿದೆ ಎಂದರ್ಥ. ಗೋಡೆಗೆ ಹಾಕಿದ ಫೋಟೋವನ್ನು ಹಾಗೆ ಯಾರೂ ನೋಡುವುದಿಲ್ಲವಲ್ಲ.

ಒಂದೇ ಸಮಾರಂಭದ ಹತ್ತಿಪ್ಪತ್ತು ಗ್ರೂಪ್ ಫೋಟೋಗಳಿದ್ದರೆ ಪಟ್ಟಿ ಕತ್ತರಿಸುತ್ತಾ ಕೂರುವುದು ಬೇಸರ. ಡಿಎಕ್ಸ್ಒ ವ್ಯೂಪಾಯಿಂಟ್‌ನಲ್ಲಿ ಇದಕ್ಕೆಂದೇ Volume Deformation ಎಂಬ ಉಪಕರಣವಿದೆ. ಅದರಲ್ಲಿ ಅಡ್ಡ–ಉದ್ದದ್ದು ಮತ್ತು ಮೂಲೆಯ ದಿಕ್ಕಿನದು ಎಂದು ಎರಡು ಬಗೆ. ನಿಮ್ಮಂಥ ನೇರ ಸಾಲಿಗೆ ಅಡ್ಡ–ಉದ್ದದ್ದು ಹೊಂದುತ್ತದೆ. ಹಿಂದಿನ ಸಾಲು ಎತ್ತರದ ಮೆಟ್ಟಿಲ ಮೇಲೆ ನಿಂತು, ತಲೆಗಳು ಚಿತ್ರದ ಮೇಲಿನ ಮೂಲೆಗೇ ಹೋಗಿದ್ದರೆ ಎಳೆತವೂ ಮೂಲೆಯ ದಿಕ್ಕಿಗೇ ಇರುತ್ತದೆ, ಆಗ ಎರಡನೆಯದು. ಹಣ ಕೊಡಲು ಮನಸ್ಸಿಲ್ಲದವರು, ಪೈಥಾನ್ ಬಲ್ಲವರು ಯಾರಾದರೂ ಮನೆಯಲ್ಲಿದ್ದರೆ, ಇಷ್ಟು ಸಾಲಿನಲ್ಲಿ ಅದೇ ಕೆಲಸವನ್ನು ಪಟ್ಟಿಗಳಿಲ್ಲದೆ ನಯವಾಗಿ ಮಾಡಬಹುದು:

```python
import cv2, numpy as np
im = cv2.imread("group.jpg")
h, w = im.shape[:2]
f = w * 24 / 36
w2 = int(2 * f * np.arcsinh(w / (2 * f)))
x = f * np.sinh((np.arange(w2) - w2 / 2) / f) + w / 2
mx, my = np.meshgrid(x.astype(np.float32),
                     np.arange(h, dtype=np.float32))
out = cv2.remap(im, mx, my, cv2.INTER_LANCZOS4)
cv2.imwrite("group2.jpg", out)
```

ಇದರಲ್ಲಿ 24 ಎಂಬುದು ಫೋಕಲ್ ಲೆಂಗ್ತ್, 36 ಎಂಬುದು ಫುಲ್‌ಫ್ರೇಮ್ ಸೆನ್ಸರ್‌ನ ಅಗಲ, ಎಂಎಂ ಲೆಕ್ಕದಲ್ಲಿ. ಕ್ರಾಪ್ ಸೆನ್ಸರ್ ಆದರೆ 36ರ ಜಾಗದಲ್ಲಿ ಆ ಸೆನ್ಸರ್‌ನ ಅಗಲ ಹಾಕಿ: ಕ್ಯಾನನ್‌ಗೆ 22.3, ನಿಕಾನ್‌ಗೆ 23.5. ಝೂಮ್ ಲೆನ್ಸ್ ಆಗಿದ್ದರೆ ಫೋಟೋ ತೆಗೆದಾಗಿನ ನಿಜವಾದ ಸಂಖ್ಯೆ ಬೇಕು, ಅದು ಫೈಲ್‌ನ ಮಾಹಿತಿಯಲ್ಲೇ ಸಿಗುತ್ತದೆ.

ಫೋಟೋಶಾಪ್ ಇಲ್ಲ, ಲೈಟ್‌ರೂಮ್ ಒಂದೇ ಇದೆ ಎಂದರೆ Profile ಟ್ಯಾಬ್‌ನ ಕೆಳಗಿರುವ Distortion ಸ್ಲೈಡರ್ ಅನ್ನು 100 ರಿಂದ 0ಗೆ ತನ್ನಿ. ಸಾಲದಿದ್ದರೆ Manual ಟ್ಯಾಬ್‌ನ Distortion ಅನ್ನು ಮೈನಸ್ ಕಡೆಗೆ ಸ್ವಲ್ಪ ಸರಿಸಿ. ಪ್ಲಸ್ ಕಡೆಗಲ್ಲ, ಅದು ಇನ್ನಷ್ಟು ಎಳೆಯುತ್ತದೆ. ಮುಖ ಸುಧಾರಿಸುತ್ತದೆ, ಬದಲಿಗೆ ಜಗಲಿಯ ಅಂಚು ಬಿಲ್ಲಿನಂತೆ ಬಾಗುತ್ತದೆ. ಹಿಂದೆ ಬರೀ ಕಾಫಿ ಗಿಡ, ಸಿಲ್ವರ್ ಓಕ್ ಮರಗಳಿದ್ದರೆ ಯಾರಿಗೂ ತಿಳಿಯದು. ಮನೆ ಇದ್ದರೆ ತಿಳಿಯುತ್ತದೆ. ನಿಮ್ಮ ಚಿತ್ರಕ್ಕೆ ಇದನ್ನು ನಾನು ಹೇಳುವುದಿಲ್ಲ.

ಇನ್ನು ಅರ್ಧಚಂದ್ರದ ಸಾಲಿನ ಮಾತು. ಎಲ್ಲರೂ ಕ್ಯಾಮೆರಾಕ್ಕೆ ಸಮದೂರದಲ್ಲಿರಲಿ ಎಂದು ತುದಿಯವರನ್ನು ಮುಂದಕ್ಕೆ ಕರೆಯುವ ಅಭ್ಯಾಸ ನಮ್ಮ ಫೋಟೋಗ್ರಾಫರ್‌ಗಳಲ್ಲಿದೆ. ಉದ್ದ ಲೆನ್ಸಿಗೆ ತೊಂದರೆಯಿಲ್ಲ. 24 ಎಂಎಂನಲ್ಲಿ ಮಾತ್ರ ಅದು ಬೆಂಕಿಗೆ ತುಪ್ಪ ಸುರಿದ ಹಾಗೆ. ಅಂಚಿನವರು ಹತ್ತಿರ ಬಂದದ್ದರಿಂದ ಎತ್ತರ 25%, ಅಗಲ 56% ಹೆಚ್ಚುತ್ತದೆ, ಮಧ್ಯದ ಮದುಮಕ್ಕಳು ಗುಬ್ಬಚ್ಚಿಗಳಾಗುತ್ತಾರೆ. ಅಂಥ ಫೋಟೋವನ್ನು ಅಡ್ಡಕ್ಕೆ ಒತ್ತಿದರೆ ಮುಖ ಸರಿಯಾದರೂ ತಲೆಗಳು ದೊಡ್ಡದಾಗಿಯೇ ಉಳಿಯುತ್ತವೆ. ಅದಕ್ಕೆ ಉಚಿತವಾಗಿ ಸಿಗುವ ಹಗಿನ್ ಬಳಸಿ: ಚಿತ್ರ ತೆರೆದು, ಲೆನ್ಸ್ ಬಗೆ Rectilinear, ಫೋಕಲ್ ಲೆಂಗ್ತ್ 24 ಎಂದು ಕೊಟ್ಟು, ಪ್ರೊಜೆಕ್ಷನ್ ಅನ್ನು Cylindrical ಮಾಡಿ. ಸಮದೂರದಲ್ಲಿ ನಿಂತವರೆಲ್ಲ ಒಂದೇ ಎತ್ತರ, ಒಂದೇ ಅಗಲಕ್ಕೆ ಬರುತ್ತಾರೆ. ಜಗಲಿಯ ಗೆರೆ ಬಾಗುತ್ತದೆ, ಅಷ್ಟು ಬೆಲೆ ತೆರಬೇಕು. ನೇರ ಸಾಲಿಗೆ ಇದನ್ನು ಬಳಸಬೇಡಿ, ತುದಿಯವರು ಮಧ್ಯದವರಿಗಿಂತ 20% ಕುಳ್ಳಗಾಗುತ್ತಾರೆ.

ಮುಂದಿನ ಸಲಕ್ಕೆ: ಎಳೆತ ಎಷ್ಟು ಎನ್ನುವುದನ್ನು ನಿರ್ಧರಿಸುವುದು ಸಾಲಿನ ಅಗಲಕ್ಕೂ ನೀವು ನಿಂತ ದೂರಕ್ಕೂ ಇರುವ ಪ್ರಮಾಣ. 7.5 ಮೀಟರ್ ಅಗಲದ ಚೌಕಟ್ಟು ಬೇಕಿದ್ದರೆ 24 ಎಂಎಂಗೆ 5 ಮೀಟರ್ ಹಿಂದೆ ನಿಲ್ಲಬೇಕು, 35 ಎಂಎಂಗೆ 7.3 ಮೀಟರ್. ಆ ಎರಡೂಕಾಲು ಮೀಟರ್‌ಗಾಗಿ ಸಾಲನ್ನು ಮನೆಯ ಮುಂದಿನಿಂದ ಕಾಫಿ ಒಣಗಿಸುವ ಕಣಕ್ಕೆ ಕರೆದುಕೊಂಡು ಹೋಗಬಹುದು. ಆಗದಿದ್ದರೆ ಎರಡು ಸಾಲನ್ನು ಮೂರು ಮಾಡಿ: ಮಕ್ಕಳು ನೆಲದಲ್ಲಿ, ಹಿರಿಯರು ಕುರ್ಚಿಯಲ್ಲಿ, ಉಳಿದವರು ಹಿಂದೆ. ಅಗಲ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಅದೂ ಆಗದೆ 24ರಲ್ಲೇ ತೆಗೆಯಬೇಕಾದರೆ ಎರಡೂ ಪಕ್ಕ ಚಿತ್ರದ ಹತ್ತನೇ ಒಂದು ಭಾಗದಷ್ಟು ಖಾಲಿ ಬಿಡಿ, ತುದಿಯ ಎಳೆತ 25 ರಿಂದ 17%ಕ್ಕೆ ಇಳಿಯುತ್ತದೆ. ಕ್ಯಾಮೆರಾ ಮಟ್ಟವಾಗಿ, ನಿಂತವರ ಎದೆಯ ಎತ್ತರದಲ್ಲಿರಲಿ. ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಎಳೆತ ಓರೆಯಾಗಿ, ಮೇಲೆ ಹೇಳಿದ ಅಡ್ಡ ಒತ್ತಡಕ್ಕೆ ಸಿಗುವುದಿಲ್ಲ. ತುದಿಯ ಇಬ್ಬರಿಗೆ ಮಾತ್ರ, ನಿಂತಲ್ಲೇ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಲು ಹೇಳಿ.